ಸಹಾಯ ಬೇಕು: ಜರ್ಮನ್ ರೈಲು ನಿಲ್ದಾಣದ ಘೋಷಣೆಯಲ್ಲಿ ಅಂಕಿಗಳು ಸಿಗುತ್ತಿಲ್ಲ

ನಮಸ್ಕಾರ. ಕೆಲಸಕ್ಕೆ ದಿನಾ ಮ್ಯಾನ್‌ಹೈಮ್‌ನಲ್ಲಿ ರೈಲು ಬದಲಿಸುತ್ತೇನೆ. ಬೋರ್ಡ್ ಓದಬಲ್ಲೆ. ಆದರೆ ಕೊನೇ ಗಳಿಗೆಯ ಬದಲಾವಣೆ ಎಷ್ಟೋ ಸಲ ಮೊದಲು ಮೈಕಿನಲ್ಲೇ ಬರುತ್ತದೆ.

ಘೋಷಣೆಯ ಅಚ್ಚು ಗೊತ್ತಾಗಿದೆ. ಮೊದಲು ರೈಲಿನ ನಂಬರ್, ಆಮೇಲೆ ಊರು, ಹೊರಡುವ ಸಮಯ, ಕೊನೆಗೆ ಬದಲಾವಣೆ. 'ಹೊಯ್ಟೆ' (ಇವತ್ತು) ಕೇಳಿದರೆ ಕಿವಿ ಚುರುಕು ಮಾಡುತ್ತೇನೆ. ಅದರ ಹಿಂದೆ 'ಫೊನ್ ಗ್ಲೈಸ್' ಬಂದರೆ ಪ್ಲಾಟ್‌ಫಾರ್ಮ್ ಬದಲಾಗಿದೆ. 'ಮಿನೂಟನ್ ಶ್ಪೇಟರ್' ಬಂದರೆ ರೈಲು ತಡ. ಇಷ್ಟು ಸಲೀಸು.

ಕಷ್ಟ ಇರುವುದು ಅಂಕಿಯಲ್ಲಿ. ನಾವು ಮೂವತ್ತು ಹೇಳಿ ಐದು ಹೇಳುತ್ತೇವೆ. ಇವರು 'ಫುನ್ಫ್-ಉಂಟ್-ಡ್ರೈಸಿಶ್', ಅಂದರೆ ಐದು ಮತ್ತು ಮೂವತ್ತು ಅನ್ನುತ್ತಾರೆ. '17 ಊರ್ 35', ಅಂದರೆ 17 ಗಂಟೆ 35 ನಿಮಿಷ ಅಂದಾಗ, ನಿಮಿಷದಲ್ಲಿ ಮೊದಲು 5 ಕಿವಿಗೆ ಬೀಳುತ್ತದೆ, ತಲೆಯಲ್ಲಿ 53 ಕೂರುತ್ತದೆ. ಅದನ್ನು ತಿರುಗಿಸುವಷ್ಟರಲ್ಲಿ ಪ್ಲಾಟ್‌ಫಾರ್ಮ್ ನಂಬರ್ ದಾಟಿಹೋಗಿರುತ್ತದೆ. 15 ಮತ್ತು 50 ಇನ್ನೂ ಜಾಸ್ತಿ ಗೊಂದಲ. 'ಫುನ್ಫ್‌ತ್ಸೇನ್', 'ಫುನ್ಫ್‌ತ್ಸಿಶ್': ಬಾಲದಲ್ಲಷ್ಟೇ ವ್ಯತ್ಯಾಸ, ಗದ್ದಲದಲ್ಲಿ ಅದೇ ಮುಳುಗುತ್ತದೆ. ಕಾಲು ಗಂಟೆ ತಡವಾದರೆ ಕಾಯಬಹುದು, 50 ನಿಮಿಷವಾದರೆ ಬೇರೆ ದಾರಿ ಹುಡುಕಬೇಕು, ಅಲ್ವಾ?

ಇಲ್ಲಿ ವರ್ಷಗಳಿಂದ ಇರುವವರು ಹೇಳಿ: ಎರಡನೇ ಅಂಕಿ ಬರುವವರೆಗೆ ಮೊದಲನೆಯದನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತೀರಿ? ಕೇಳಿದ ಕ್ರಮದಲ್ಲೇ, ಬಲದಿಂದ ಎಡಕ್ಕೆ ಬರೆದು ಅಭ್ಯಾಸ ಮಾಡಿದವರು ಇದ್ದಾರಾ? ನಿಲ್ದಾಣದ ಗದ್ದಲವೂ ಸೇರಿರುವ ಘೋಷಣೆಗಳ ರೆಕಾರ್ಡಿಂಗ್ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.