ಎರಡೂ ಫಾರ್ಮ್ 16ರಲ್ಲಿ ತೆರಿಗೆ ಸೊನ್ನೆ, ರಿಟರ್ನ್ ತುಂಬಿದರೆ ಲಕ್ಷದ ಬಾಕಿ. ಪೋರ್ಟಲ್ ತಪ್ಪಾ?

ಹೊಸಹೆಜ್ಜೆ
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ನಾನು ಸಂಬಳದವನು, ಬೇರೆ ಆದಾಯ ಏನೂ ಇಲ್ಲ. ಹೊಸ ಪದ್ಧತಿ. 2025-26ರ ರಿಟರ್ನ್ ತುಂಬುತ್ತಿದ್ದೇನೆ. ಫಾರ್ಮ್ 16ರಲ್ಲಿ ಕಟ್ಟಬೇಕಾದ ತೆರಿಗೆ ಸೊನ್ನೆ ಅಂತ ಸ್ಪಷ್ಟವಾಗಿದೆ. ಆದರೆ ಪೋರ್ಟಲ್ ಒಂದು ಲಕ್ಷಕ್ಕೂ ಜಾಸ್ತಿ ಕಟ್ಟು ಅನ್ನುತ್ತಿದೆ. ಬ್ರೌಸರ್ ಬದಲಾಯಿಸಿದೆ, ಕರಡು ಅಳಿಸಿ ಮತ್ತೆ ತುಂಬಿದೆ, ಅದೇ ಅಂಕಿ. ಯಾರಿಗಾದರೂ ಹೀಗೆ ಬಂದಿದೆಯಾ?

ಗಿರಿಮಲ್ಲಿಗೆ
ಇದು ನೂರಕ್ಕೆ ನೂರು ಟಿಡಿಎಸ್ ಸಮಸ್ಯೆ. ಆಫೀಸಿನವರು ಸಂಬಳದಲ್ಲಿ ಹಿಡಿದಿರುತ್ತಾರೆ, ಸರ್ಕಾರಕ್ಕೆ ಕಟ್ಟಿರುವುದಿಲ್ಲ. 26ಎಎಸ್ ತೆಗೆದು ನೋಡಿ.

ಮುಂಜಾವು
ನನಗೂ ಇದೇ ಕಷ್ಟ. ಹೋದ ವರ್ಷದ ರೀಫಂಡ್ ಇನ್ನೂ ಬಂದಿಲ್ಲ. ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗಿದೆಯಾ ನೋಡಿಕೊಳ್ಳಿ.

ಹೊಸಹೆಜ್ಜೆ
@ಮುಂಜಾವು ನನ್ನದು ರೀಫಂಡ್ ಅಲ್ಲ, ನಾನೇ ಕಟ್ಟಬೇಕಂತೆ. @ಗಿರಿಮಲ್ಲಿಗೆ 26ಎಎಸ್ ನೋಡಿದೆ. ಎರಡು ಕಂಪನಿಯ ಹೆಸರೂ ಇದೆ, ಟಿಡಿಎಸ್ ಸೊನ್ನೆ.

ಗಿರಿಮಲ್ಲಿಗೆ
ನೋಡಿದಿರಾ! ಸೊನ್ನೆ ಅಂದರೆ ಕಟ್ಟಿಲ್ಲ ಅಂತಲೇ ಅರ್ಥ. ಈಗಲೇ ಎಚ್‌ಆರ್‌ಗೆ ಬರೆಯಿರಿ. ಸಂಬಳದ ಚೀಟಿಗಳನ್ನು ಜೊತೆಗಿಡಿ.

ನೇರಮಾತು
ಒಂದು ನಿಮಿಷ. "ಎರಡು ಕಂಪನಿ" ಅಂದಿರಲ್ಲ, ಅದನ್ನು ಮೊದಲೇ ಹೇಳಬೇಕಿತ್ತು. ವರ್ಷದ ನಡುವೆ ಕೆಲಸ ಬದಲಾಯಿಸಿದ್ದೀರಾ?

ಹೊಸಹೆಜ್ಜೆ
ಹೌದು, ಅಕ್ಟೋಬರ್‌ನಲ್ಲಿ. ಶೀರ್ಷಿಕೆಯಲ್ಲೇ ಎರಡೂ ಫಾರ್ಮ್ 16 ಅಂತ ಬರೆದಿದ್ದೇನಲ್ಲ. ಒಂದೊಂದನ್ನೇ ಹಾಕಿದರೆ ತೆರಿಗೆ ಸೊನ್ನೆ ಬರುತ್ತದೆ. ಎರಡನ್ನೂ ಹಾಕಿದ ತಕ್ಷಣ ಲಕ್ಷ ದಾಟುತ್ತದೆ. ಅದಕ್ಕೇ ಪೋರ್ಟಲ್ ತಪ್ಪು ಅಂದುಕೊಂಡೆ. @ಗಿರಿಮಲ್ಲಿಗೆ ಸಂಬಳದ ಚೀಟಿಯಲ್ಲೂ ಟಿಡಿಎಸ್ ಕಾಲಂ ಸೊನ್ನೆಯೇ. ಅವರು ಹಿಡಿದೇ ಇಲ್ಲ.

ಗಿರಿಮಲ್ಲಿಗೆ
ಚೀಟಿಯಲ್ಲಿ ತೋರಿಸದೆಯೂ ಹಿಡಿಯಬಹುದು. ನನ್ನ ಸ್ನೇಹಿತನಿಗೆ ಹಾಗೆ ಆಗಿತ್ತು. ಬ್ಯಾಂಕಿಗೆ ಬಂದ ಮೊತ್ತದ ಜೊತೆ ತಾಳೆ ಹಾಕಿ.

ಕೋಷ್ಟಕ
ನಾನು ಇದಕ್ಕೆಲ್ಲ ಒಂದು ಶೀಟ್ ಮಾಡಿಟ್ಟಿದ್ದೇನೆ. ತಿಂಗಳ ಸಂಬಳ ಹಾಕಿದರೆ ಹಳೆ ಪದ್ಧತಿ, ಹೊಸ ಪದ್ಧತಿ ಎರಡೂ ಪಕ್ಕಪಕ್ಕದಲ್ಲಿ ಬರುತ್ತದೆ. ಏಪ್ರಿಲ್‌ನಲ್ಲೇ ಇಡೀ ವರ್ಷದ ತೆರಿಗೆ ಗೊತ್ತಾಗುತ್ತದೆ. ಪಿಎಫ್, ಎಫ್‌ಡಿ ಬಡ್ಡಿಗೆ ಬೇರೆ ಹಾಳೆ ಇದೆ. ಬೇಕಾದವರು ಕೇಳಿ, ಕಳಿಸುತ್ತೇನೆ.

ನೇರಮಾತು
ಹಳೆ ಪದ್ಧತಿ ತೆಗೆದುಕೊಂಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಮನೆ ಬಾಡಿಗೆ, 80ಸಿ ಎಲ್ಲಾ ಸಿಗುತ್ತಿತ್ತು.

ಕೋಷ್ಟಕ
ಇಲ್ಲ ಸರ್. ಈ ಮಟ್ಟದ ಸಂಬಳಕ್ಕೆ ದೊಡ್ಡ ಬಾಡಿಗೆಯೋ ಗೃಹಸಾಲವೋ ಇಲ್ಲದಿದ್ದರೆ ಹಳೆಯದು ಲಾಭವಿಲ್ಲ. ಶೀಟ್‌ನಲ್ಲಿ ಹಾಕಿ ನೋಡಿದ್ದೇನೆ.

ನೇರಮಾತು
ಅವರ ಸಂಬಳ ಎಷ್ಟು ಅಂತ ಅವರೇ ಹೇಳಿಲ್ಲ, ನಿಮ್ಮ ಶೀಟ್‌ಗೆ ಹೇಗೆ ಗೊತ್ತಾಯಿತು?

ಲೆಕ್ಕದಮನೆ
ನಾನು ಚಾರ್ಟರ್ಡ್ ಅಕೌಂಟೆಂಟ್. ಹೊಸಹೆಜ್ಜೆ ಅವರೇ, ನಿಮ್ಮ ಕಾಗದಪತ್ರ ನೋಡದೆ "ನೀವು ಇಷ್ಟು ಕಟ್ಟಿ" ಅಂತ ನಾನು ಹೇಳಲಾರೆ, ಹೇಳುವುದು ಸರಿಯೂ ಅಲ್ಲ. ಫಾರ್ಮ್ 16, ಪ್ಯಾನ್ ಇಲ್ಲಿ ಹಾಕಬೇಡಿ. ಆದರೆ ವರ್ಷದ ನಡುವೆ ಕೆಲಸ ಬಿಟ್ಟವರಿಗೆ ಹೀಗೆ ಯಾಕೆ ಆಗುತ್ತದೆ ಅನ್ನುವುದನ್ನು ಎಲ್ಲರಿಗೂ ಅನ್ವಯಿಸುವ ಹಾಗೆ ಬರೆಯುತ್ತೇನೆ. ನಿಮ್ಮದಕ್ಕೆ ಹೊಂದುತ್ತದಾ ಅಂತ ನೀವೇ ತಾಳೆ ನೋಡಿ.

ಒಬ್ಬರನ್ನು ಊಹಿಸಿಕೊಳ್ಳಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 1,00,000 ರೂ. ಸಂಬಳ. ಹಳೆ ಆಫೀಸು ಇಡೀ ವರ್ಷಕ್ಕೆ ಲೆಕ್ಕ ಹಾಕುತ್ತದೆ: 12,00,000. ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋದರೆ 11,25,000. 12 ಲಕ್ಷದ ಒಳಗಿರುವುದರಿಂದ 87ಎ ರಿಯಾಯಿತಿ ಸಿಗುತ್ತದೆ, ತೆರಿಗೆ ಸೊನ್ನೆ. ಹಾಗಾಗಿ ಒಂದು ರೂಪಾಯಿ ಟಿಡಿಎಸ್ ಹಿಡಿಯುವುದಿಲ್ಲ. ಅವರು ಮಾಡಿದ್ದು ಸರಿಯಾಗಿಯೇ ಇದೆ.

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹೊಸ ಆಫೀಸು, ತಿಂಗಳಿಗೆ 1,50,000. ಹಳೆ ಸಂಬಳ ಅವರಿಗೆ ಗೊತ್ತಿಲ್ಲ. ಅವರ ಕಣ್ಣಿಗೆ ಈ ವರ್ಷದ ಸಂಬಳ 9,00,000 ಮಾತ್ರ. 75,000 ಕಳೆದರೆ 8,25,000. ಅದೂ 12 ಲಕ್ಷದ ಒಳಗೆ. ಮತ್ತೆ ಸೊನ್ನೆ.

ರಿಟರ್ನ್‌ನಲ್ಲಿ ಎರಡೂ ಸೇರಿದರೆ 15,00,000. ಸ್ಟ್ಯಾಂಡರ್ಡ್ ಡಿಡಕ್ಷನ್ ಒಬ್ಬರಿಗೆ ವರ್ಷಕ್ಕೆ ಒಂದೇ ಸಲ, ಅಲ್ಲಿಗೆ 14,25,000. 12 ಲಕ್ಷ ದಾಟಿದ್ದರಿಂದ ರಿಯಾಯಿತಿ ಇಲ್ಲ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ಮುಂದಿನ 4 ಲಕ್ಷಕ್ಕೆ ಶೇ. 5ರಂತೆ 20,000, ಅದರ ಮುಂದಿನ 4 ಲಕ್ಷಕ್ಕೆ ಶೇ. 10ರಂತೆ 40,000, ಉಳಿದ 2,25,000ಕ್ಕೆ ಶೇ. 15ರಂತೆ 33,750. ಒಟ್ಟು 93,750. ಶೇ. 4 ಸೆಸ್ ಸೇರಿದರೆ 97,500. ಬಡ್ಡಿ ಇನ್ನೂ ಸೇರಿಸಿಲ್ಲ.

ಅಂದರೆ ಇಲ್ಲಿ ಯಾರೂ ದುಡ್ಡು ನುಂಗಿಲ್ಲ, ಪೋರ್ಟಲ್ ಕೂಡ ತಪ್ಪಿಲ್ಲ. ಎರಡೂ ಸಂಬಳ ಸೇರಿದರೆ ಸಿಗದ ರಿಯಾಯಿತಿಯನ್ನು ಎರಡು ಆಫೀಸುಗಳು ತಮ್ಮ ತಮ್ಮ ಲೆಕ್ಕದಲ್ಲಿ ಒಂದೊಂದು ಸಲ ಕೊಟ್ಟಿವೆ.

ತಾಳೆ ನೋಡುವುದು ಹೇಗೆ? ಹೊಸ ಆಫೀಸಿನ ಫಾರ್ಮ್ 16ರ ಬಿ ಭಾಗ ತೆಗೆಯಿರಿ. ಅಲ್ಲಿ ಈ ಸಾಲು ಇರುತ್ತದೆ:

`Reported total amount of salary received from other employer(s)`

ಅದರ ಮುಂದೆ ಸೊನ್ನೆ ಇದ್ದರೆ ಹಳೆ ಸಂಬಳವನ್ನು ಹೊಸ ಆಫೀಸು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಹೊಸಹೆಜ್ಜೆ
ಮೇಡಂ, ಆ ಸಾಲಿನಲ್ಲಿ 0.00 ಇದೆ! ಆದರೆ ಸೇರುವಾಗ ನಾನು ಫಾರ್ಮ್ ತುಂಬಿ ಕೊಟ್ಟಿದ್ದೆ. ಈಮೇಲ್ ಇದೆ, 12ಬಿಬಿ ಅಂತ ಹೆಸರಿದೆ. ಹಾಗಾದರೆ ಅವರದೇ ತಪ್ಪಲ್ವಾ?

ಲೆಕ್ಕದಮನೆ
12ಬಿಬಿ ಬೇರೆ, 12ಬಿ ಬೇರೆ. ಬಾಡಿಗೆ, ಗೃಹಸಾಲದ ಬಡ್ಡಿ, ಉಳಿತಾಯ ಇವುಗಳ ವಿವರ ಕೊಡುವುದು 12ಬಿಬಿಯಲ್ಲಿ. ಹಳೆ ಆಫೀಸಿನ ಸಂಬಳ ಮತ್ತು ಟಿಡಿಎಸ್ ತಿಳಿಸುವುದು 12ಬಿಯಲ್ಲಿ. ಹೆಸರು ಒಂದೇ ಥರ ಇರುವುದರಿಂದ ಬಹಳ ಜನ ಮೊದಲನೆಯದನ್ನು ಕೊಟ್ಟು ಮುಗಿಯಿತು ಅಂದುಕೊಳ್ಳುತ್ತಾರೆ. ಹಳೆ ಸಂಬಳದ ವಿವರವನ್ನು ಉದ್ಯೋಗಿಯೇ ಕೊಡಬೇಕು. ಕೊಡದಿದ್ದರೆ ಹೊಸ ಆಫೀಸು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ.

ಬೆಳ್ಳಿಗೆರೆ
ಇದು ನಿಜ. ನಾನು ಡಿಸೆಂಬರ್‌ನಲ್ಲಿ ಸೇರಿ 12ಬಿ ಕೊಟ್ಟಿದ್ದು ಜನವರಿ ಕೊನೆಗೆ. ಫೆಬ್ರವರಿ, ಮಾರ್ಚ್ ಸಂಬಳದಲ್ಲಿ ಅರ್ಧಕ್ಕರ್ಧ ಟಿಡಿಎಸ್‌ಗೆ ಹೋಯಿತು. ಮನೆ ನಡೆಸುವುದು ಕಷ್ಟವಾಯಿತು, ಆದರೆ ಬಡ್ಡಿ ಬೀಳಲಿಲ್ಲ.

ನೇರಮಾತು
ಬಡ್ಡಿ ಯಾಕೆ ಬೀಳಬೇಕು? ಟಿಡಿಎಸ್ ಹಿಡಿಯುವುದು ಆಫೀಸಿನ ಹೊಣೆ. ಅವರು ಹಿಡಿಯದಿದ್ದರೆ ಉದ್ಯೋಗಿಗೆ ಬಡ್ಡಿ ಹಾಕುವ ಹಾಗಿಲ್ಲ ಅಂತ ತೀರ್ಪುಗಳಿವೆ.

ಲೆಕ್ಕದಮನೆ
ತೀರ್ಪುಗಳಿರುವುದು ನಿಜ. ಆದರೆ 2012ರಲ್ಲಿ ಕಾನೂನು ಬದಲಾಗಿದೆ. ಹಿಡಿಯಬೇಕಿದ್ದ, ಆದರೆ ಹಿಡಿಯದೆ ಬಿಟ್ಟ ಟಿಡಿಎಸ್ಸನ್ನು ಮುಂಗಡ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ಪೋರ್ಟಲ್ ಇದೇ ಪ್ರಕಾರ ಬಡ್ಡಿ ಹಾಕುತ್ತದೆ.

ನನ್ನ ಉದಾಹರಣೆಯಲ್ಲೇ ನೋಡಿ. ವರ್ಷದ ಬಾಕಿ 10,000 ದಾಟಿದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಒಳಗೆ ಕಂತಿನಲ್ಲಿ ಕಟ್ಟಬೇಕು. ಏನೂ ಕಟ್ಟದಿದ್ದುದಕ್ಕೆ 234ಸಿ ಬಡ್ಡಿ ಸುಮಾರು 4,900. ಅದರ ಮೇಲೆ ಏಪ್ರಿಲ್‌ನಿಂದ ಕಟ್ಟುವವರೆಗೆ ತಿಂಗಳಿಗೆ ಶೇ. 1ರಂತೆ 234ಬಿ. ಜುಲೈನಲ್ಲಿ ಕಟ್ಟಿದರೆ ನಾಲ್ಕು ತಿಂಗಳಿಗೆ 3,900. ಒಟ್ಟು 1,06,000ದ ಆಸುಪಾಸು. ಆಗಸ್ಟ್ 1ಕ್ಕೆ ಕಟ್ಟಿದರೂ ಇನ್ನೊಂದು ಪೂರ್ತಿ ತಿಂಗಳ ಬಡ್ಡಿ ಸೇರುತ್ತದೆ. ಹಾಗಾಗಿ ವಾದ ಮಾಡುವ ಮನಸ್ಸಿದ್ದರೂ ಮೂಲ ತೆರಿಗೆಯನ್ನು ತಡಮಾಡುವುದು ಯಾರಿಗೂ ಒಳ್ಳೆಯದಲ್ಲ.

ಮುಂಜಾವು
ಸುಮ್ನೆ ಒಂದೇ ಫಾರ್ಮ್ 16 ಹಾಕಿ ಕಳಿಸಿದರೆ? ಅದರಲ್ಲಿ ಸೊನ್ನೆ ಬರುತ್ತಲ್ಲ.

ಲೆಕ್ಕದಮನೆ
ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎರಡೂ ಆಫೀಸು ಕೊಟ್ಟ ಸಂಬಳ ಎಐಎಸ್‌ನಲ್ಲಿ ಅದೇ ಪ್ಯಾನ್ ಅಡಿ ಕಾಣುತ್ತದೆ. ಆದಾಯ ಕಡಿಮೆ ತೋರಿಸಿದರೆ ಆ ಭಾಗದ ತೆರಿಗೆಯ ಶೇ. 50ರಷ್ಟು ದಂಡ, ಬೇಕೆಂದೇ ತಪ್ಪು ತೋರಿಸಿದ್ದು ಅಂತಾದರೆ ಶೇ. 200. ಹೊಟ್ಟೆಪಾಡಿಗೆ ದುಡಿಯುವವರು ಈ ಸಲಹೆ ನಂಬಿ ಸಿಕ್ಕಿಬಿದ್ದಿದ್ದನ್ನು ನೋಡಿ ನನಗೆ ಬೇಜಾರಾಗಿದೆ.

ಗಿರಿಮಲ್ಲಿಗೆ
ಆದರೂ 26ಎಎಸ್ ಒಂದು ಸಲ ನೋಡಿ ಅಂದಿದ್ದರಲ್ಲಿ ತಪ್ಪೇನಿಲ್ಲ.

ಲೆಕ್ಕದಮನೆ
ಖಂಡಿತ ತಪ್ಪಿಲ್ಲ. ಚೀಟಿಯಲ್ಲಿ ಟಿಡಿಎಸ್ ಹಿಡಿದದ್ದು ಕಂಡು, 26ಎಎಸ್‌ನಲ್ಲಿ ಇಲ್ಲದಿದ್ದರೆ ನಿಮ್ಮ ಮಾತೇ ಸರಿ. ಎರಡೂ ಕಡೆ ಸೊನ್ನೆ ಇದ್ದಾಗ ಬೇರೆ ಕಡೆ ಹುಡುಕಬೇಕು.

ಹೊಸಹೆಜ್ಜೆ
ಈಗ ಅರ್ಥವಾಯಿತು ಮೇಡಂ. ಕಟ್ಟುವುದು ಎಲ್ಲಿ? ಮತ್ತೆ ನನ್ನದು ಸರಿಯಾಗಿ ಎಷ್ಟು ಅಂತ ಹೇಳಿಬಿಡಿ, ಎರಡೂ ಸಂಬಳ ಮೆಸೇಜ್ ಮಾಡುತ್ತೇನೆ.

ಲೆಕ್ಕದಮನೆ
ಮೊತ್ತ ಮಾತ್ರ ನಾನು ಹೇಳುವುದಿಲ್ಲ. ಎರಡು ಅಂಕಿ ನೋಡಿ ಹೇಳಿದರೆ ನನ್ನ ಕಣ್ಣಿಗೆ ಬೀಳದ ಮೂರನೆಯದು ನಿಮಗೆ ತೊಂದರೆ ಕೊಡಬಹುದು.

ಸಾಮಾನ್ಯವಾಗಿ ಪೋರ್ಟಲ್‌ನ `e-Pay Tax`ನಲ್ಲಿ `Self Assessment Tax (300)` ಆರಿಸಿ ಬಡ್ಡಿ ಸಮೇತ ಕಟ್ಟುತ್ತಾರೆ. ಆಮೇಲೆ ಚಲನ್ ವಿವರ ರಿಟರ್ನ್‌ನಲ್ಲಿ ಬಂದಿದೆಯಾ ನೋಡಿ ಕಳಿಸುತ್ತಾರೆ. ವರ್ಷ ಆರಿಸುವಾಗ ಹುಷಾರು. 2025-26ರ ಸಂಬಳಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಹೊಸ ಕಾಯ್ದೆಯ ತೆರಿಗೆ ವರ್ಷ 2026-27 ಅಂದರೆ ಈಗ ನಡೆಯುತ್ತಿರುವ ವರ್ಷ. ಅಂಕಿ ಒಂದೇ, ವರ್ಷ ಬೇರೆ.

ಹೊಸಹೆಜ್ಜೆ
ಸರಿ. ಇನ್ನೊಂದು ವಿಷಯ, ಇದು ಮುಖ್ಯವೋ ಅಲ್ಲವೋ ಗೊತ್ತಿಲ್ಲ. ಹಳೆ ಆಫೀಸಿನವರು ನೋಟಿಸ್ ಅವಧಿ ಪೂರ್ತಿ ಮಾಡಲಿಲ್ಲ ಅಂತ ಕೊನೆಯ ಸೆಟಲ್‌ಮೆಂಟ್‌ನಲ್ಲಿ ಒಂದು ತಿಂಗಳ ಸಂಬಳ ಹಿಡಿದುಕೊಂಡರು. ಫಾರ್ಮ್ 16ರಲ್ಲಿ ಅದನ್ನು ಕಳೆಯದೆ ಪೂರ್ತಿ ಸಂಬಳ ತೋರಿಸಿದ್ದಾರೆ. ಕೈಗೆ ಬರದ ದುಡ್ಡಿಗೂ ತೆರಿಗೆ ಕಟ್ಟಬೇಕಾ?

ನೇರಮಾತು
ಕಟ್ಟಬೇಕಿಲ್ಲ. ಬರದೇ ಇರುವುದು ಆದಾಯ ಹೇಗಾಗುತ್ತದೆ?

ಕೋಷ್ಟಕ
ನನ್ನ ಶೀಟ್‌ನಲ್ಲಿ ಇದಕ್ಕೆ ಕಾಲಂ ಇಲ್ಲ. ಸೇರಿಸುತ್ತೇನೆ.

ಲೆಕ್ಕದಮನೆ
ಇದಕ್ಕೇ ನಾನು ಮೊತ್ತ ಹೇಳಲ್ಲ ಅಂದಿದ್ದು. ಸಂಬಳ ಕೈಗೆ ಬಂದಾಗ ಅಥವಾ ಬರಬೇಕಾದಾಗ, ಯಾವುದು ಮೊದಲೋ ಆಗ ತೆರಿಗೆಗೆ ಒಳಪಡುತ್ತದೆ. ಅದಕ್ಕೇ ಆಫೀಸುಗಳು ಪೂರ್ತಿ ತೋರಿಸುತ್ತವೆ. ಆದರೆ ಹಿಡಿದುಕೊಂಡ ಮೊತ್ತ ಉದ್ಯೋಗಿಯ ಆದಾಯವಲ್ಲ ಅಂತ ಹೇಳಿದ ನ್ಯಾಯಮಂಡಳಿ ತೀರ್ಪುಗಳೂ ಇವೆ. ಕಳೆದು ತೋರಿಸಿದರೆ ಫಾರ್ಮ್ 16ಕ್ಕೂ ರಿಟರ್ನ್‌ಗೂ ತಾಳೆಯಾಗದೆ ಇಲಾಖೆ ವಿವರಣೆ ಕೇಳಬಹುದು. ನೇಮಕಾತಿ ಪತ್ರ, ಸೆಟಲ್‌ಮೆಂಟ್ ಚೀಟಿ ಎರಡನ್ನೂ ಎದುರಿಗಿಟ್ಟುಕೊಂಡು ಕೂತು ಮಾತಾಡುವ ವಿಷಯ ಇದು. ಹತ್ತಿರದ ಯಾರಾದರೂ ಲೆಕ್ಕಪರಿಶೋಧಕರ ಬಳಿ ಹೋಗಿ, ತಿಂಗಳು ಮುಗಿಯುವುದರೊಳಗೆ.

ಹೊಸಹೆಜ್ಜೆ
ಸೆಟಲ್‌ಮೆಂಟ್ ಚೀಟಿ ಹಳೆ ಆಫೀಸಿನ ಈಮೇಲ್‌ನಲ್ಲಿತ್ತು, ಆ ಖಾತೆ ಈಗ ಬಂದ್ ಆಗಿದೆ. ಎಚ್‌ಆರ್‌ಗೆ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.

ಬೆಳ್ಳಿಗೆರೆ
ಎಚ್‌ಆರ್ ಬಿಟ್ಟು ಪೇರೋಲ್ ವಿಭಾಗಕ್ಕೆ ನೇರವಾಗಿ ಬರೆಯಿರಿ. ಹಳೆ ಉದ್ಯೋಗಿ ಸಂಖ್ಯೆ ಹಾಕುವುದನ್ನು ಮರೆಯಬೇಡಿ, ಅದಿಲ್ಲದಿದ್ದರೆ ಅವರು ಹುಡುಕುವುದೇ ಇಲ್ಲ.