ಬಜೆಟ್ ಕಳಿಸುವ ಮುಂಚೆ ಕೊನೆಯ ಸಲ ಏನೇನು ನೋಡ್ತೀರಿ?

ಕೇಳಿದವರು, ತೀರ್ಥಹಳ್ಳಿ ಹತ್ತಿರದಿಂದ: ನಮ್ಮದು ಸಣ್ಣ ಟ್ರಸ್ಟ್. ಕಾಡುಗಿಡಗಳ ನರ್ಸರಿ ಮತ್ತು ಮಹಿಳೆಯರ ತರಬೇತಿಗೆ ಅನುದಾನ ಕೇಳ್ತಾ ಇದ್ದೇವೆ. ಒಟ್ಟು 10 ಲಕ್ಷ ದಾಟಬಾರದು, ಕಚೇರಿ ಖರ್ಚು ಒಟ್ಟು ಮೊತ್ತದ ಶೇ. 10 ಮೀರಬಾರದು ಅಂತ ಷರತ್ತು. ಎಕ್ಸೆಲ್‌ನಲ್ಲಿ ನಾಲ್ಕು ಶೀಟ್ ಆಗಿದೆ. ಸೋಮವಾರ ಕಳಿಸಬೇಕು. ಕೊನೆಯ ಸಲ ಯಾವ ಕ್ರಮದಲ್ಲಿ ಪರಿಶೀಲಿಸಬೇಕು ಅಂತ ಅನುಭವ ಇರುವವರು ಹೇಳಿ.

ಸಾಗರದಿಂದ, ಟ್ರಸ್ಟ್ ಒಂದರ ಲೆಕ್ಕ ನೋಡಿಕೊಳ್ಳುವವರು: ಮೊದಲು ಯಾವ ಖರ್ಚು ಒಪ್ಪುತ್ತಾರೆ ಅನ್ನೋದನ್ನು ನೋಡಿ. ಕೂಡಿಸಿದ ಲೆಕ್ಕ ಆಮೇಲೆ, ಮಿತಿಗಳು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿ ನಾವು ಒಂದು ಸಲ ಪೆಟ್ಟು ತಿಂದಿದ್ದೇವೆ, ಅದನ್ನೇ ಹೇಳ್ತೇನೆ.

ನಮ್ಮ ಬಜೆಟ್‌ನಲ್ಲಿ ಸಿಬ್ಬಂದಿಗೆ 3,60,000, ತರಬೇತಿಗೆ 2,20,000, ನರ್ಸರಿಗೆ 1,60,000, ಸಲಕರಣೆಗೆ 1,60,000, ಕಚೇರಿಗೆ 1,00,000 ಇತ್ತು. ಸರಿಯಾಗಿ 10 ಲಕ್ಷ, ಕಚೇರಿ ಖರ್ಚು ಸರಿಯಾಗಿ ಶೇ. 10. ಎಲ್ಲರಿಗೂ ಸಮಾಧಾನ. ಹಿಂದಿನ ರಾತ್ರಿ ಮಾರ್ಗಸೂಚಿ ಮತ್ತೆ ಓದಿದಾಗ ವಾಹನ ಖರೀದಿಗೆ ಅವಕಾಶ ಇಲ್ಲ ಅಂತ ಕಂಡಿತು. ಸಲಕರಣೆಯಲ್ಲಿ 40,000ದ ಸೆಕೆಂಡ್ ಹ್ಯಾಂಡ್ ಬೈಕ್ ಇತ್ತು, ತೆಗೆದೆವು. ಒಟ್ಟು 9,60,000ಕ್ಕೆ ಇಳಿಯಿತು. ಕಚೇರಿ ಖರ್ಚನ್ನು ಯಾರೂ ಮುಟ್ಟಿಲ್ಲ, ಆದರೂ ಅದು ಶೇ. 10.4 ಆಯಿತು. ಮಿತಿ ಮೀರಿದ್ದು ಖರ್ಚು ಹೆಚ್ಚಿಸಿದ್ದಕ್ಕಲ್ಲ, ಪಕ್ಕದ ಖರ್ಚು ಕಡಿಮೆ ಮಾಡಿದ್ದಕ್ಕೆ.

ಆಗ ನಾನು ಇನ್ನೊಂದು ತಪ್ಪು ಮಾಡಿದೆ. 9,60,000ದ ಶೇ. 10 ಅಂದರೆ 96,000, ಅದನ್ನೇ ಹಾಕಿದೆ. ಕಚೇರಿ ಖರ್ಚು ಇಳಿದಾಗ ಒಟ್ಟೂ 9,56,000ಕ್ಕೆ ಇಳಿಯಿತು. ಅದರ ಶೇ. 10 ಅಂದರೆ 95,600 ಮಾತ್ರ. ಮತ್ತೆ 400 ರೂಪಾಯಿ ಜಾಸ್ತಿ! ಹೀಗೆ ಬೆನ್ನಟ್ಟುತ್ತಾ ಹೋಗಬೇಕಿಲ್ಲ. ಒಟ್ಟು ಮೊತ್ತದ ಶೇ. 10 ಅಂದರೆ ಉಳಿದೆಲ್ಲ ಖರ್ಚಿನ ಒಂಬತ್ತನೇ ಒಂದು ಭಾಗ. ಉಳಿದದ್ದು 8,60,000, ಅದನ್ನು 9ರಿಂದ ಭಾಗಿಸಿದರೆ 95,555. ನಾವು 95,000 ಇಟ್ಟು ಕಳಿಸಿದೆವು.

ಷರತ್ತಿನಲ್ಲಿ ‘ಒಟ್ಟು ಮೊತ್ತದ’ ಅಂತ ಇದೆಯೋ ‘ಕಾರ್ಯಕ್ರಮದ ಖರ್ಚಿನ’ ಅಂತ ಇದೆಯೋ ಬೆರಳಿಟ್ಟು ಓದಿ. ಎರಡನೆಯದಾಗಿದ್ದರೆ ಇದೇ ಬಜೆಟ್‌ಗೆ ಕಚೇರಿ ಖರ್ಚು 86,000 ಮೀರುವಂತಿಲ್ಲ.

ಶಿವಮೊಗ್ಗದಿಂದ: ದುಡ್ಡು ಕಂಪನಿಯ ಸಿಎಸ್‌ಆರ್‌ನಿಂದ ಬರೋದಾದರೆ ಆಡಳಿತ ವೆಚ್ಚ ಶೇ. 5 ಮಾತ್ರ. ಕಾನೂನೇ ಹಾಗಿದೆ. ಶೇ. 10 ಹಾಕಿದರೆ ಪ್ರಸ್ತಾವನೆ ತಿರಸ್ಕಾರ ಆಗುತ್ತೆ.

ಸಾಗರದವರು: ಸರ್, ಶೇ. 5 ಅನ್ನೋದು ನಿಯಮದಲ್ಲಿ ಇರೋದು ಹೌದು. ಆದರೆ ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಆಡಳಿತ ವೆಚ್ಚಕ್ಕೆ, ಆ ವರ್ಷದ ಕಂಪನಿಯ ಒಟ್ಟು ಸಿಎಸ್‌ಆರ್ ಖರ್ಚಿನ ಲೆಕ್ಕದಲ್ಲಿ. ಯೋಜನೆ ನಡೆಸುವ ಟ್ರಸ್ಟ್‌ನ ಬಜೆಟ್‌ಗೆ ಅದು ನೇರವಾಗಿ ಅನ್ವಯ ಆಗಲ್ಲ. ಕೆಲವು ಕಂಪನಿಗಳು ತಾವಾಗಿ ಟ್ರಸ್ಟ್‌ಗೂ ಶೇ. 5 ಅಂತಾರೆ, ಅದು ಅವರ ಷರತ್ತು. ವಿದೇಶಿ ದೇಣಿಗೆ ಆದರೆ ಮಾತು ಬೇರೆ. 2020ರ ತಿದ್ದುಪಡಿ ಆದ ಮೇಲೆ ಆಡಳಿತ ವೆಚ್ಚಕ್ಕೆ ಮೊದಲಿದ್ದ ಶೇ. 50ರ ಮಿತಿ ಶೇ. 20ಕ್ಕೆ ಇಳಿದಿದೆ, ಅದು ದೇಣಿಗೆ ಪಡೆದ ಸಂಸ್ಥೆಗೇ ಅನ್ವಯಿಸುತ್ತೆ.

ಭದ್ರಾವತಿಯಿಂದ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು: ಶೀಟ್‌ಗಳ ಕೊಂಡಿ ಬಗ್ಗೆ ನಾನು ಹೇಳ್ತೀನಿ ಅಕ್ಕ. ಫಾರ್ಮುಲಾ ಒಂದೊಂದೇ ಓದೋದಕ್ಕಿಂತ ಅಲುಗಾಡಿಸಿ ನೋಡೋದು ಬೇಗ ಆಗುತ್ತೆ. ತರಬೇತಿ ಶೀಟ್‌ನಲ್ಲಿ 6 ತರಬೇತಿ ಅಂತ ಇದ್ದರೆ 7 ಮಾಡಿ. ಒಂದಕ್ಕೆ 18,000 ಆದರೆ ಸಾರಾಂಶವೂ ಒಟ್ಟು ಮೊತ್ತವೂ ಸರಿಯಾಗಿ 18,000 ಏರಬೇಕು. ಏರದಿದ್ದರೆ ಅಲ್ಲಿ ಯಾರೋ ಫಾರ್ಮುಲಾ ಅಳಿಸಿ ಸಂಖ್ಯೆ ಟೈಪ್ ಮಾಡಿದ್ದಾರೆ. ನೋಡಿ ಆದ ಮೇಲೆ ಮರೆಯದೆ 6 ಮಾಡಿ. ಪ್ರತಿ ಶೀಟ್‌ಗೂ ಒಂದೊಂದು ಸಲ ಹೀಗೆ ಮಾಡಿ.

ಇನ್ನೊಂದು, ಹೋದ ವರ್ಷದ ಫೈಲ್‌ನಿಂದ ಶೀಟ್ ಕಾಪಿ ಮಾಡಿಕೊಂಡಿದ್ದರೆ ಫಾರ್ಮುಲಾ ಹಳೇ ಫೈಲನ್ನೇ ನೋಡ್ತಾ ಇರಬಹುದು:

```
='[Budget_old.xlsx]Training'!F14
```

ನಿಮ್ಮ ಕಂಪ್ಯೂಟರ್‌ನಲ್ಲಿ ಸರಿ ಕಾಣುತ್ತೆ, ಅವರಲ್ಲಿ ಹಳೇ ಸಂಖ್ಯೆಯೇ ಉಳಿಯುತ್ತೆ. `Ctrl+F` ಒತ್ತಿ ಇಡೀ ವರ್ಕ್‌ಬುಕ್‌ನ ಫಾರ್ಮುಲಾಗಳಲ್ಲಿ `[` ಹುಡುಕಿದರೆ ಸಿಗುತ್ತೆ.

ಹೊಸನಗರದಿಂದ, ಹಾಳೆತಟ್ಟೆ ಘಟಕ ನಡೆಸುವವರು: ನಾನು ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟಾಗ ಮಷಿನ್ ಕೊಟೇಶನ್‌ನಲ್ಲಿ ಜಿಎಸ್‌ಟಿ ಬೇರೆ, ಸಾಗಾಣಿಕೆ ಬೇರೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ನೋಡಲೇ ಇಲ್ಲ. ಶಿವಮೊಗ್ಗದಿಂದ ನಮ್ಮೂರಿಗೆ ತರುವ ಲಾರಿ ಬಾಡಿಗೆ, ಇಳಿಸುವ ಹಮಾಲಿ ಎಲ್ಲ ಕೈಯಿಂದ ಹೋಯ್ತು. ನೀವು ಸಬ್ಸಿಡಿ ಎಷ್ಟು ಬರುತ್ತೆ ಅಂತ ಮೊದಲು ಬ್ಯಾಂಕಲ್ಲಿ ಕೇಳಿ.

ಸಾಗರದವರು: ಇವರದ್ದು ಸಾಲ ಅಲ್ಲ ಮಾರಾಯ್ರೆ, ಅನುದಾನ. ಬ್ಯಾಂಕೂ ಇಲ್ಲ, ಸಬ್ಸಿಡಿಯೂ ಇಲ್ಲ. ಆದರೆ ಕೊಟೇಶನ್ ಮಾತು ಇವರಿಗೂ ಸರಿ. ನೆರಳುಬಲೆ, ಪಂಪ್‌ಸೆಟ್ ಎಲ್ಲದರ ದರ ಜಿಎಸ್‌ಟಿ ಮತ್ತು ಸಾಗಾಣಿಕೆ ಸೇರಿಸಿಯೇ ಬರೆಯಿರಿ. ಒಪ್ಪಂದಕ್ಕೆ ಸಹಿ ಬೀಳುವ ಮೊದಲಿನ ತಾರೀಖಿನ ಬಿಲ್ ಸಾಮಾನ್ಯವಾಗಿ ಒಪ್ಪಲ್ಲ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಬೀಜ, ಪಾಲಿಥೀನ್ ಚೀಲ ತಗೊಂಡು ಆಮೇಲೆ ಹಾಕಿಕೊಳ್ಳೋಣ ಅಂತ ಇದ್ದರೆ ಮೊದಲೇ ಅವರನ್ನು ಕೇಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಭದ್ರಾವತಿ ಸರ್ ಹೇಳಿದ ಹಾಗೆ ಅಲುಗಾಡಿಸಿ ನೋಡಿದೆ. ಮೂರು ಶೀಟ್ ಸರಿ ಇತ್ತು. ನರ್ಸರಿ ಶೀಟ್‌ನಲ್ಲಿ ಮಾತ್ರ ಸಂಖ್ಯೆ ಬದಲಿಸಿದರೂ ಶೀಟಿನ ಮೊತ್ತವೇ ಅಲುಗಲಿಲ್ಲ. ಫಾರ್ಮುಲಾ ಇದೆ, ಸಾಲೂ ಸೇರಿದೆ. ಯಾಕೆ ಹೀಗೆ?

ಭದ್ರಾವತಿಯವರು: ಆ ಸೆಲ್‌ನಲ್ಲಿ ಏನು ಬರೆದಿದೆ, ಇದ್ದ ಹಾಗೇ ಹೇಳಿ.

ಕೇಳಿದವರು: `12,000/-`

ಭದ್ರಾವತಿಯವರು: ಅದೇ ಕಾರಣ. ರಸೀದಿಯಲ್ಲಿ ಬರೆಯೋ ಹಾಗೆ ಕೊನೆಗೆ `/-` ಹಾಕಿದರೆ ಎಕ್ಸೆಲ್‌ಗೆ ಅದು ಸಂಖ್ಯೆ ಅಲ್ಲ, ಬರಹ. `SUM` ಅದನ್ನು ಬಿಟ್ಟು ಕೂಡಿಸುತ್ತೆ, ತಪ್ಪು ಅಂತಲೂ ಹೇಳಲ್ಲ. ಸಾಲುಗಳು 4ರಿಂದ 13 ಆದರೆ ಖಾಲಿ ಸೆಲ್‌ನಲ್ಲಿ ಇದನ್ನು ಹಾಕಿ:

```
=COUNTA(F4:F13)-COUNT(F4:F13)
```

ಸೊನ್ನೆ ಬರಬೇಕು. 2 ಬಂದರೆ ಅಂಥವು ಎರಡು ಸೆಲ್ ಇವೆ. ಸಾಮಾನ್ಯವಾಗಿ ಎಡಕ್ಕೆ ಅಂಟಿಕೊಂಡಿರುವ ಸಂಖ್ಯೆಗಳೇ ಅವು.

ಕೇಳಿದವರು: 2 ಬಂತು. ಎರಡೂ 12,000. ಸರಿ ಮಾಡಿದ ಮೇಲೆ ಒಟ್ಟು 9,88,000 ಇದ್ದದ್ದು 10,12,000 ಆಯ್ತು. ಮಿತಿ ದಾಟಿತು.

ಸಾಗರದವರು: ಕಳಿಸುವ ಮೊದಲೇ ಸಿಕ್ಕಿದ್ದು ಒಳ್ಳೆಯದಾಯ್ತು. ಎಲ್ಲಾದರೂ 12,000 ಇಳಿಸಿ. ಇಳಿಸಿದ ಮೇಲೆ ಕಚೇರಿ ಖರ್ಚನ್ನು ಒಂಬತ್ತರ ಭಾಗದ ಲೆಕ್ಕದಲ್ಲಿ ಮತ್ತೆ ನೋಡಿ. ಪ್ರಸ್ತಾವನೆಯ ವರ್ಡ್ ಫೈಲ್‌ನಲ್ಲಿ, ಮುಖಪತ್ರದಲ್ಲಿ ಬರೆದ ಮೊತ್ತ ತಾನಾಗಿ ಬದಲಾಗಲ್ಲ, ಅದನ್ನು ಕೈಯಾರೆ ತಿದ್ದಿ.

ಕೇಳಿದವರು: ಇನ್ನೊಂದು ಕೇಳ್ತೇನೆ. ಊರವರ ಶ್ರಮದಾನವನ್ನು ನಮ್ಮ ಪಾಲು ಅಂತ ತೋರಿಸಬಹುದಾ? ಗುಂಡಿ ತೋಡೋದು, ಮಣ್ಣು ಹೊರೋದು ಎಲ್ಲ ಅವರೇ ಮಾಡ್ತಾರೆ.

ಶಿವಮೊಗ್ಗದವರು: ತೋರಿಸಿ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಆ ದರ ಹಾಕಿದರೆ ಯಾರೂ ಪ್ರಶ್ನೆ ಮಾಡಲ್ಲ.

ಸಾಗರದವರು: ದರ ಒಪ್ಪಬಹುದು, ಆದರೆ ನಾನು 10 ಲಕ್ಷದ ಲೆಕ್ಕದೊಳಗೆ ಸೇರಿಸಲ್ಲ, ಬೇರೆ ಕಾಲಂನಲ್ಲಿ ಇಡ್ತೇನೆ. ಒಟ್ಟು ಮೊತ್ತಕ್ಕೆ ಸೇರಿಸಿದರೆ ಕಚೇರಿ ಖರ್ಚಿನ ಶೇಕಡಾವಾರು ಕಡಿಮೆ ಕಾಣುತ್ತೆ, ಅದನ್ನು ಅವರು ಒಪ್ಪದೇ ಇರಬಹುದು. ಹಾಜರಿ ಪುಸ್ತಕ, ಸಹಿ ಇಲ್ಲದಿದ್ದರೆ ಆಡಿಟ್‌ನಲ್ಲಿ ನಿಲ್ಲೋದೂ ಇಲ್ಲ.

ಶಿವಮೊಗ್ಗದವರು: ನಾವು ಒಳಗೇ ಸೇರಿಸಿದ್ದೆವು, ಒಪ್ಪಿದ್ದರು.

ಕೇಳಿದವರು: ಹಾಗಾದರೆ ಶುಕ್ರವಾರವೇ ಅವರಿಗೆ ಮೇಲ್ ಮಾಡಿ ಕೇಳ್ತೇನೆ. ಉತ್ತರ ಬರುವವರೆಗೆ ಬೇರೆ ಕಾಲಂನಲ್ಲೇ ಇರಲಿ.