ಸಹಾಯ ಬೇಕು: ಕ್ಲಿಕ್ ಟಾರ್ಕ್ ರೆಂಚ್‌ನ ಲೆಕ್ಕ ತಪ್ಪುತ್ತಿದೆ

ಹಾಸನದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಟಾರ್ಕ್ ರೆಂಚ್‌ನ ಚೌಕ ತುದಿಯನ್ನು ವೈಸ್‌ಗೆ ಕಚ್ಚಿಸಿ, ಹಿಡಿಯನ್ನು ಅಡ್ಡಲಾಗಿಸಿ, ಚೌಕ ತುದಿಯಿಂದ 50 ಸೆಂ.ಮೀ. ದೂರದಲ್ಲಿ 20 ಕೆ.ಜಿ. ತೂಗುಹಾಕಿದೆ. ಲೆಕ್ಕದಂತೆ 98 ನ್ಯೂಟನ್ ಮೀಟರ್ ಬರಬೇಕು. ಡಯಲ್ ರೆಂಚ್ ಸರಿಯಾಗಿ 98 ತೋರಿಸಿತು. ತೂಕ ಹಾಕುವ ಮೊದಲೇ ಮುಳ್ಳನ್ನು ಸೊನ್ನೆಗೆ ತಂದಿದ್ದರಿಂದ ರೆಂಚ್‌ನ ಸ್ವಂತ ಭಾರ ಅದರಲ್ಲಿ ಕಳೆದುಹೋಗುತ್ತದೆ. ಕ್ಲಿಕ್ ರೆಂಚ್‌ಗೆ ಆ ಸೌಕರ್ಯವಿಲ್ಲ. ಅದರ ಭಾರವೇ ಸುಮಾರು 2 ನ್ಯೂಟನ್ ಮೀಟರ್ ಸೇರಿಸುವುದರಿಂದ 100ಕ್ಕೇ ಕ್ಲಿಕ್ ಆಗಬೇಕಿತ್ತು. ಆದರೆ ಮಹಾಶಯ ಸೆಟ್ಟಿಂಗನ್ನು 90ಕ್ಕೆ ಇಳಿಸುವವರೆಗೆ ಬಾಯಿಬಿಡಲಿಲ್ಲ! ನಾಲ್ಕೈದು ಬಾರಿ ಕ್ಲಿಕ್ ಮಾಡಿಸಿದ ಮೇಲೆ 94ಕ್ಕೆ ನಿಂತಿತು. ಸ್ಪ್ರಿಂಗ್ ಸೋತಿದ್ದರೆ ಬೇಗ ಕ್ಲಿಕ್ ಆಗಬೇಕು, ಇದು ತಡಮಾಡುತ್ತಿದೆ. ಹಾಗಾಗಿ ಒಳಗಿನ ಗ್ರೀಸ್ ಒಣಗಿದೆ ಎಂಬ ಗುಮಾನಿ. ಬಿಚ್ಚಿ ಗ್ರೀಸ್ ಹಚ್ಚಿದವರು ಯಾರಾದರೂ ಇದ್ದೀರಾ? ಆಮೇಲೆ ಹೊಂದಾಣಿಕೆ ಸ್ಕ್ರೂ ಮುಟ್ಟಬೇಕಾಯಿತೇ? ಹಾಸನ, ಚಿಕ್ಕಮಗಳೂರು ಕಡೆ ಕ್ಯಾಲಿಬ್ರೇಷನ್ ಮಾಡಿಕೊಡುವವರಿದ್ದರೆ ದಯವಿಟ್ಟು ತಿಳಿಸಿ.